ಶೋಕಾಸ್ ನೋಟಿಸಿಗೆ ಮೊದಲು ಉತ್ತರ, ಆಮೇಲೆ ರಾಜೀನಾಮೆ: ದಾಖಲೆ ಕೆಡದಂತೆ ಮಾಡುವ ಕ್ರಮ

ಖಾಸಗಿ ಕೆಲಸದಲ್ಲಿ ಇರುವವರು ತೋರಿಸುವ ಪತ್ರಗಳಲ್ಲಿ ಒಂದೇ ಎಡವಟ್ಟು ಮತ್ತೆ ಮತ್ತೆ ಕಾಣುತ್ತದೆ. ಆರೋಪ ಹೊರಿಸಿ ವಿವರಣೆ ಕೇಳುವ ಶೋಕಾಸ್ ನೋಟಿಸ್ ಬಂದ ಸಿಟ್ಟಿನಲ್ಲಿ ಒಂದೇ ಹಾಳೆ ಬರೆಯುತ್ತಾರೆ. ಅದರಲ್ಲೇ ಉತ್ತರ, ಅದರಲ್ಲೇ ಮ್ಯಾನೇಜರ್ ಮೇಲಿನ ದೂರು, ಕೊನೆಗೆ "ಆದ್ದರಿಂದ ರಾಜೀನಾಮೆ ಕೊಡುತ್ತಿದ್ದೇನೆ". ಇನ್ನು ಕೆಲವರು ಉತ್ತರವನ್ನೇ ಕೊಡದೆ "ವೈಯಕ್ತಿಕ ಕಾರಣ" ಎಂದು ಬರೆದು ಹೊರಡುತ್ತಾರೆ. ಆರು ತಿಂಗಳ ನಂತರ ಗ್ರಾಚ್ಯುಟಿ ಕೇಳಲು ಹೋದಾಗ ಕಂಪನಿಯ ಫೈಲಿನಲ್ಲಿ ಇರುವುದು ಎರಡೇ ಕಾಗದ. ಒಂದು ಆರೋಪ, ಇನ್ನೊಂದು ರಾಜೀನಾಮೆ. ನಡುವೆ ಇವರ ಮಾತೇ ಇಲ್ಲ.

ಕೆಳಗಿನ ಕ್ರಮ ಕಾರ್ಖಾನೆ, ಅಂಗಡಿ, ಖಾಸಗಿ ಆಫೀಸುಗಳಲ್ಲಿ ಇರುವವರಿಗೆ. ಸರ್ಕಾರಿ ನೌಕರರಿಗೆ ಸೇವಾ ನಿಯಮಗಳೇ ಬೇರೆ, ಇದನ್ನು ಅಲ್ಲಿಗೆ ಹಚ್ಚಬೇಡಿ. ನೋಟಿಸಿನಲ್ಲಿ ಪೊಲೀಸ್ ದೂರಿನ ಮಾತು ಇದ್ದರೆ ಉತ್ತರ ಬರೆಯುವ ಮೊದಲೇ ವಕೀಲರನ್ನು ನೋಡಿ. ಅಲ್ಲಿ ನೀವು ಬರೆದ ಸಾಲು ಮುಂದೆ ಕ್ರಿಮಿನಲ್ ಕೇಸಿಗೂ ಹೋಗಬಹುದು.

## ನಾವು ಹಿಡಿಯುವ ಉದಾಹರಣೆ

ವಿಷಯ ತಿಳಿಯಲಿ ಎಂದು ಕಟ್ಟಿಕೊಂಡ ಪ್ರಕರಣ ಇದು. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿ. ಅಲ್ಲಿ 7 ವರ್ಷ 4 ತಿಂಗಳು ಕೆಲಸ ಮಾಡಿದ ಸ್ಟೋರ್ ಕೀಪರ್. ಜನವರಿ 8ರ ಸಂಜೆ ಕೈಗೆ ನೋಟಿಸ್ ಬರುತ್ತದೆ. ಆರೋಪ ಮೂರು. ಡಿಸೆಂಬರ್ 31ರ ಸ್ಟಾಕ್ ತಪಾಸಣೆಯಲ್ಲಿ ಫೆರೋ ಸಿಲಿಕಾನ್ 14 ಚೀಲ ಕಡಿಮೆ. ಡಿಸೆಂಬರ್ 27ರಂದು ಹೇಳದೆ ಗೈರು. ಮೇಲಿನವರೊಂದಿಗೆ ಉದ್ಧಟ ವರ್ತನೆ. "ಈ ಪತ್ರದ ತಾರೀಖಿನಿಂದ 3 ದಿನದೊಳಗೆ ಉತ್ತರಿಸಿ" ಎಂದು ಕೊನೆಯಲ್ಲಿದೆ. ಪತ್ರದ ಮೇಲಿನ ತಾರೀಖು ಜನವರಿ 5.

ಗಮನಿಸಿದಿರಾ? ಕೈಗೆ ಬಂದ ದಿನವೇ ಗಡುವು ಮುಗಿಯುತ್ತದೆ.

## ಬೇಕಾಗುವ ಸಾಮಾನು

ನೇಮಕಾತಿ ಪತ್ರ, ಕಳೆದ ಮೂರು ತಿಂಗಳ ಸಂಬಳದ ಚೀಟಿ, ರಜೆ ಅರ್ಜಿಗಳ ನಕಲು, ನಿಮ್ಮದೇ ಹೆಸರಿನ ಇಮೇಲ್ ಖಾತೆ, ಒಂದು ಫೈಲು, ಒಂದು ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಪ್ರತಿ ಘಟನೆಗೂ ಒಂದು ಸಾಲು: ತಾರೀಖು, ಹೊತ್ತು, ಏನಾಯಿತು, ಯಾರು ಇದ್ದರು, ಇದಕ್ಕೆ ಕಾಗದ ಯಾವುದು. ಅಭಿಪ್ರಾಯ ಬರೆಯಬೇಡಿ. "ಮ್ಯಾನೇಜರ್ ಅವಮಾನ ಮಾಡಿದರು" ಎಂಬುದಕ್ಕಿಂತ "ಸಂಜೆ 5.30ಕ್ಕೆ ಕ್ಯಾಬಿನ್ನಿನಲ್ಲಿ ಇಂಥ ಮಾತು ಹೇಳಿದರು, ಅಕೌಂಟೆಂಟ್ ಇದ್ದರು" ಎಂಬುದಕ್ಕೆ ಬೆಲೆ ಜಾಸ್ತಿ.

ಫೋನಿನಲ್ಲಿರುವ ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಫೋನ್ ಮಾರಿಬಿಡುವವರು ಇದ್ದಾರೆ. ಮುಂದೆ ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಅದು ಸಲೀಸು.

## ಹಂತ 1: ನೋಟಿಸ್ ತೆಗೆದುಕೊಳ್ಳುವುದು

ನಿರಾಕರಿಸಬೇಡಿ. "ತೆಗೆದುಕೊಳ್ಳಲಿಲ್ಲ" ಎಂದು ಇಬ್ಬರು ಸಾಕ್ಷಿ ಸಹಿ ಹಾಕಿದರೆ ಅಲ್ಲಿಗೆ ಅವರ ಕೆಲಸ ಮುಗಿಯಿತು, ನಿಮ್ಮದು ಕೆಟ್ಟಿತು. ಸಹಿ ಹಾಕಿ, ಸಹಿಯ ಪಕ್ಕದಲ್ಲಿ ನಿಮ್ಮ ಕೈಯಲ್ಲೇ ಬರೆಯಿರಿ: "8 ಜನವರಿ, ಸಂಜೆ 5.40ಕ್ಕೆ ತಲುಪಿದೆ. ಒಳಗಿನ ವಿಷಯ ಒಪ್ಪಿಲ್ಲ." ಅವರ ಪ್ರತಿಯಲ್ಲಿ ಹೀಗೆ ಬರೆದದ್ದರ ಫೋಟೋ ತೆಗೆದುಕೊಳ್ಳಿ.

ನೋಟಿಸ್ ಇಂಗ್ಲಿಷಿನಲ್ಲಿದ್ದು ನಿಮಗೆ ಪೂರ್ತಿ ತಿಳಿಯದಿದ್ದರೆ ಅದನ್ನೂ ಅಲ್ಲೇ ಬರೆದು, ಕನ್ನಡದ ಪ್ರತಿ ಕೇಳಿ. ನೀವು ಉತ್ತರವನ್ನು ಕನ್ನಡದಲ್ಲೇ ಕೊಡಬಹುದು. ಬೆಳಗಾವಿ ಭಾಗದಲ್ಲಿ ಮಾತುಕತೆ ಮರಾಠಿಯಲ್ಲಿ, ಪತ್ರ ಇಂಗ್ಲಿಷಿನಲ್ಲಿ, ಕೆಲಸಗಾರ ಕನ್ನಡದವನು, ಇದು ತೀರಾ ಮಾಮೂಲು. ಯಾರೋ ಓದಿ ಹೇಳಿದ ಅರ್ಥಕ್ಕೆ ಉತ್ತರ ಬರೆಯುವ ಬದಲು, ಗೊತ್ತಿರುವವರಿಂದ ಸಾಲು ಸಾಲಾಗಿ ಅನುವಾದ ಮಾಡಿಸಿಕೊಂಡು ಬರೆಯಿರಿ.

## ಹಂತ 2: ಅಂದೇ ರಾತ್ರಿ ಗಡುವು ಮತ್ತು ದಾಖಲೆ ಕೇಳುವುದು

ಉತ್ತರಕ್ಕೆ ಕೂರುವ ಮೊದಲು ಒಂದು ಚಿಕ್ಕ ಇಮೇಲ್ ಹೋಗಬೇಕು. ನಮ್ಮ ಸ್ಟೋರ್ ಕೀಪರ್ ಹೀಗೆ ಬರೆಯುತ್ತಾನೆ:

"ಜನವರಿ 5ರ ತಾರೀಖಿನ ನೋಟಿಸ್ ನನಗೆ ಇಂದು, ಜನವರಿ 8ರ ಸಂಜೆ ತಲುಪಿದೆ. ಪತ್ರದಲ್ಲಿ ಕೊಟ್ಟ ಗಡುವು ಇಂದಿಗೇ ಮುಗಿಯುತ್ತದೆ. ಉತ್ತರಿಸಲು ಜನವರಿ 16ರವರೆಗೆ ಸಮಯ ಕೊಡಬೇಕು. ಉತ್ತರಕ್ಕಾಗಿ ಡಿಸೆಂಬರ್ 31ರ ತಪಾಸಣೆ ಪಟ್ಟಿ, ಫೆರೋ ಸಿಲಿಕಾನ್ ಬಿನ್ ಕಾರ್ಡ್, ಡಿಸೆಂಬರ್ ತಿಂಗಳ ಇಶ್ಯೂ ಸ್ಲಿಪ್‌ಗಳು ಮತ್ತು ಫರ್ನೇಸ್ ಲಾಗ್ ಬುಕ್ಕಿನ ನಕಲು ಕೊಡಬೇಕು."

ಬಿನ್ ಕಾರ್ಡ್ ಎಂದರೆ ಸ್ಟೋರಿಗೆ ಬಂದ, ಹೋದ ಮಾಲಿನ ಲೆಕ್ಕ ಬರೆಯುವ ಕಾರ್ಡು, ಇಶ್ಯೂ ಸ್ಲಿಪ್ ಎಂದರೆ ಮಾಲು ಹೊರಗೆ ಕೊಟ್ಟದ್ದಕ್ಕೆ ಚೀಟಿ. ಫರ್ನೇಸ್ ಲಾಗ್ ಬುಕ್ ಏಕೆ? ಪ್ರತಿ ಹೀಟಿಗೆ, ಅಂದರೆ ಲೋಹ ಕರಗಿಸುವ ಪ್ರತಿ ಸರದಿಗೆ, ಏನೇನು ಎಷ್ಟೆಷ್ಟು ಹಾಕಿದರು ಎಂದು ಅದರಲ್ಲಿ ಇರುತ್ತದೆ. ಸ್ಟೋರಿನಿಂದ ಚೀಲ ಹೋಗಿದೆ, ಸ್ಲಿಪ್ ಬಂದಿಲ್ಲ ಎಂದಾದರೆ ಅದು ಗೊತ್ತಾಗುವುದು ಅಲ್ಲೇ. ನಿಮ್ಮ ಕೆಲಸ ಯಾವುದೇ ಇರಲಿ, ನಿಮ್ಮ ಕೈಯಲ್ಲಿ ಇಲ್ಲದ, ಬೇರೆಯವರು ಬರೆಯುವ ಒಂದು ಪುಸ್ತಕ ಇದ್ದೇ ಇರುತ್ತದೆ. ಗೇಟ್ ರಿಜಿಸ್ಟರ್, ತೂಕದ ಚೀಟಿ, ಕ್ಯಾಶ್ ಸ್ಕ್ರೋಲ್, ಏನೋ ಒಂದು. ಹೆಸರು ಹಿಡಿದು ಕೇಳಿ. "ಸಂಬಂಧಪಟ್ಟ ಎಲ್ಲ ದಾಖಲೆ" ಎಂದು ಕೇಳಿದರೆ ಏನೂ ಬರುವುದಿಲ್ಲ.

ಕೇಳಿ, ಆದರೆ ಎತ್ತಿಕೊಂಡು ಬರಬೇಡಿ. ರಿಜಿಸ್ಟರನ್ನು ಮನೆಗೆ ಒಯ್ಯುವುದು, ಕಂಪನಿಯ ಲೆಕ್ಕದ ಫೈಲನ್ನು ಸ್ವಂತ ಇಮೇಲಿಗೆ ಕಳಿಸಿಕೊಳ್ಳುವುದು, ಇದರಿಂದ ನಾಲ್ಕನೇ ಆರೋಪ ತಯಾರಾಗುತ್ತದೆ. ಮತ್ತು ಆ ಆರೋಪ ನಿಜವಾಗಿರುತ್ತದೆ.

ದಾಖಲೆ ಕೊಡದಿದ್ದರೂ ನಷ್ಟವಿಲ್ಲ. ಕೇಳಿದ್ದು ಮತ್ತು ಕೊಡದೇ ಇದ್ದದ್ದು ಎರಡೂ ಬರಹದಲ್ಲಿ ಉಳಿಯುತ್ತದೆ. ಆದರೆ ಉತ್ತರ ಬಂದಿಲ್ಲ ಎಂದು ಕಾಯುತ್ತ ಕೂತು, ನೀವೇ ಕೇಳಿದ ಗಡುವನ್ನೂ ದಾಟಿಸಬೇಡಿ.

## ಹಂತ 3: ಉತ್ತರ ಬರೆಯುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲೇ. ನೋಟಿಸಿನಲ್ಲಿ ಆರೋಪ ಮೂರಿದ್ದರೆ ಉತ್ತರದಲ್ಲೂ ಮೂರೇ ಭಾಗ, ಅದೇ ಸಂಖ್ಯೆ, ಅದೇ ಕ್ರಮ. ಪ್ರತಿ ಭಾಗದಲ್ಲಿ ಇದು ಸರಿ, ಇದು ತಪ್ಪು, ಇದು ನನಗೆ ತಿಳಿಯದು ಎಂದು ಬೇರೆ ಬೇರೆ ಮಾಡಿ. ಬಹಳ ಜನ ಮೂರನ್ನೂ ಕಲಸಿ "ಎಲ್ಲ ಆರೋಪ ಸುಳ್ಳು" ಎಂದು ಬರೆಯುತ್ತಾರೆ. ಒಂದು ಸಣ್ಣ ಅಂಶ ನಿಜವೆಂದು ಸಾಬೀತಾದರೆ ಸಾಕು, ಉಳಿದದ್ದರ ಮೇಲಿನ ನಂಬಿಕೆಯೂ ಹೋಗುತ್ತದೆ.

ಕಂಪನಿ ಜನವರಿ 12ಕ್ಕೆ ತಪಾಸಣೆ ಪಟ್ಟಿ ಮತ್ತು ಬಿನ್ ಕಾರ್ಡಿನ ನಕಲು ಕೊಟ್ಟಿತು, ಉಳಿದದ್ದು ಕೊಡಲಿಲ್ಲ ಎಂದುಕೊಳ್ಳಿ. ಮರುದಿನದ ಉತ್ತರ ಹೀಗಿರಬೇಕು.

ಆರೋಪ 1. "ತಪಾಸಣೆ ಪಟ್ಟಿಯಂತೆ ಲೆಕ್ಕಕ್ಕೂ ಎಣಿಕೆಗೂ 14 ಚೀಲದ ವ್ಯತ್ಯಾಸ ಇರುವುದು ಕಾಣುತ್ತದೆ. ಇದರಲ್ಲಿ ಡಿಸೆಂಬರ್ 29ರ ರಾತ್ರಿ ಪಾಳಿಗೆ ಹೋದ 5 ಚೀಲ, 30ರ ರಾತ್ರಿ ಹೋದ 4 ಚೀಲ, ಒಟ್ಟು 9 ಚೀಲದ ಸ್ಲಿಪ್‌ಗಳು 31ರ ಬೆಳಿಗ್ಗೆ ನನಗೆ ತಲುಪಿದವು. ಎಣಿಕೆ ಶುರುವಾಗುವ ಮೊದಲು ಅವುಗಳನ್ನು ಬಿನ್ ಕಾರ್ಡಿಗೆ ಏರಿಸಲು ಆಗಿರಲಿಲ್ಲ. ಆ ಸ್ಲಿಪ್‌ಗಳು ಸ್ಟೋರ್ ಫೈಲಿನಲ್ಲಿವೆ. ಉಳಿದ 5 ಚೀಲದ ಬಗ್ಗೆ ನನ್ನ ಬಳಿ ದಾಖಲೆ ಇಲ್ಲ. ಡಿಸೆಂಬರ್ 22ರಿಂದ 24ರವರೆಗೆ ನಾನು ಮಂಜೂರಾದ ರಜೆಯಲ್ಲಿದ್ದೆ, ಕೀಲಿ ಪಾಳಿ ಸೂಪರ್‌ವೈಸರ್ ಬಳಿ ಇತ್ತು. ಆ ಮೂರು ದಿನದ ಯಾವ ಸ್ಲಿಪ್ಪೂ ನನಗೆ ಬಂದಿಲ್ಲ. ಫರ್ನೇಸ್ ಲಾಗ್ ಬುಕ್ಕಿನೊಂದಿಗೆ ಹೋಲಿಸಬೇಕೆಂದು ಕೋರುತ್ತೇನೆ."

ಇಲ್ಲಿ ಆ 5 ಚೀಲದ ಸಾಲು ನೋಡಿ. "ಸೂಪರ್‌ವೈಸರ್ ಕದ್ದಿರಬೇಕು" ಎಂದು ಬರೆಯಲು ಕೈ ತುರಿಸುತ್ತದೆ. ಬರೆದರೆ ನೀವು ಸಾಬೀತು ಮಾಡಬೇಕಾದ ಆರೋಪ ಒಂದು ನಿಮ್ಮ ತಲೆಯ ಮೇಲೆ ಬಂತು. ಕೀಲಿ ಯಾರ ಬಳಿ ಇತ್ತು ಎಂಬುದು ಸಂಗತಿ, ಅಷ್ಟೇ ಬರೆದು ಬಿಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದರಿಂದ ಉತ್ತರ ದುರ್ಬಲವಾಗುವುದಿಲ್ಲ, 9 ಚೀಲದ ಲೆಕ್ಕಕ್ಕೆ ತೂಕ ಬರುತ್ತದೆ.

ಆರೋಪ 2. "ಡಿಸೆಂಬರ್ 27ರ ಬೆಳಿಗ್ಗೆ 7.10ಕ್ಕೆ ಸೂಪರ್‌ವೈಸರ್‌ಗೆ ವಾಟ್ಸಾಪ್ ಕಳಿಸಿದ್ದೆ. 7.25ಕ್ಕೆ 'ಆಯ್ತು' ಎಂದು ಉತ್ತರ ಬಂದಿದೆ. ಪ್ರತಿ ಲಗತ್ತಿಸಿದೆ. ಲಿಖಿತ ರಜೆ ಅರ್ಜಿ ಕೊಟ್ಟಿರಲಿಲ್ಲ ಎಂಬುದು ನಿಜ." ಕೊನೆಯ ಸಾಲನ್ನು ಬಿಡಬೇಡಿ. ಅವರು ಹೇಗೂ ಅದನ್ನು ಎತ್ತುತ್ತಾರೆ, ನೀವೇ ಮೊದಲು ಹೇಳಿದರೆ ಅದರ ಮೊನೆ ಮುರಿಯುತ್ತದೆ.

ಆರೋಪ 3. "ಯಾವ ದಿನ, ಯಾರ ಎದುರು, ಯಾವ ಮಾತು ಎಂದು ನೋಟಿಸಿನಲ್ಲಿ ಇಲ್ಲ. ವಿವರ ಕೊಟ್ಟರೆ ಉತ್ತರಿಸುತ್ತೇನೆ. ಸದ್ಯಕ್ಕೆ ಆರೋಪವನ್ನು ನಿರಾಕರಿಸುತ್ತೇನೆ." ಇಷ್ಟು ಸಾಕು. ಹೆಸರಿಲ್ಲದ ಆರೋಪಕ್ಕೆ ನೀವೇ ಒಂದು ಜಗಳ ನೆನಪಿಸಿಕೊಂಡು ವಿವರಿಸಿದರೆ, ಅವರಿಗೆ ಇಲ್ಲದ ವಿವರ ನೀವೇ ಒದಗಿಸಿದಂತೆ.

ಕೊನೆಗೆ ಮೂರು ವಾಕ್ಯ: ಆರೋಪ ಕೈಬಿಡಬೇಕು, ಒಪ್ಪದಿದ್ದರೆ ವಿಚಾರಣೆಯಲ್ಲಿ ಹೇಳಿಕೆ ಕೊಡಲು ಅವಕಾಶ ಬೇಕು, ನಿರ್ಧಾರವನ್ನು ಲಿಖಿತವಾಗಿ ತಿಳಿಸಬೇಕು. ಮತ್ತು "ಕೊಡದ ದಾಖಲೆಗಳು ಸಿಕ್ಕ ಮೇಲೆ ಹೆಚ್ಚಿನ ಉತ್ತರ ಕೊಡುವ ಹಕ್ಕು ಉಳಿಸಿಕೊಂಡಿದ್ದೇನೆ" ಎಂದು ಒಂದು ಸಾಲು.

ಇಲ್ಲಿ ಎಡವುವುದು ಎಲ್ಲಿ? "ತಪ್ಪಾಯಿತು, ಇದೊಂದು ಸಲ ಕ್ಷಮಿಸಿ" ಎಂಬ ಸಾಲಿನಲ್ಲಿ. ನಮ್ಮ ಕಡೆ ಅದು ಮರ್ಯಾದೆಯ ಮಾತು, ದೊಡ್ಡವರ ಎದುರು ಹೇಳುವ ಮಾತು. ಫೈಲಿನಲ್ಲಿ ಅದು ಮೂರೂ ಆರೋಪ ಒಪ್ಪಿಕೊಂಡ ಪತ್ರ. ವಿನಯ ಬೇಕಿದ್ದರೆ "ಮಾನ್ಯರೇ" ಎಂದು ಶುರು ಮಾಡಿ, "ವಂದನೆಗಳೊಂದಿಗೆ" ಎಂದು ಮುಗಿಸಿ. ನಡುವೆ ಸಂಗತಿ ಮಾತ್ರ ಇರಲಿ. ಬಾಕಿ ಓವರ್‌ಟೈಮ್, ಹಳೆಯ ಬೈಗುಳ, ಬಡ್ತಿ ಸಿಗದ ಸಂಕಟ ಇವೆಲ್ಲ ನಿಜವೇ ಇರಬಹುದು. ಅವುಗಳಿಗೆ ಬೇರೆ ಪತ್ರ ಬರೆಯಿರಿ.

## ಹಂತ 4: ತಲುಪಿಸಿ, ತಲುಪಿದ್ದಕ್ಕೆ ಗುರುತು ಪಡೆಯುವುದು

ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಇನ್‌ವರ್ಡ್ ನಂಬರ್ ಕೊಡುವ ಪದ್ಧತಿ ಇದ್ದರೆ ಅದನ್ನೂ. "ಇಟ್ಟು ಹೋಗ್ರಿ, ಸಾಹೇಬ್ರಿಗೆ ಕೊಡ್ತೀವಿ" ಎಂದರೆ ಅದು ತಲುಪಿಲ್ಲ ಎಂದೇ ಲೆಕ್ಕ. ಆಗ ಅಂಚೆ.

ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ಈಗಿಲ್ಲ, 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಆದ್ದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ಅದಕ್ಕೆ ನೋಂದಣಿ ಮತ್ತು ತಲುಪಿದ ಪುರಾವೆ ಬೇಕು ಎಂದು ಬಾಯಿಬಿಟ್ಟು ಕೇಳಿ. ತಲುಪಿದ ಮೇಲೆ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದಿಡಿ, ಆ ಮಾಹಿತಿ ಸದಾಕಾಲ ಸಿಗುವುದಿಲ್ಲ. ಅದೇ ದಿನ ಅದೇ ಪತ್ರವನ್ನು ಪಿಡಿಎಫ್ ಮಾಡಿ ಇಮೇಲ್ ಕಳಿಸಿ, ಅದರಲ್ಲಿ ಅಂಚೆಯ ನಂಬರ್ ಬರೆಯಿರಿ. "ಲಕೋಟೆಯಲ್ಲಿ ಖಾಲಿ ಹಾಳೆ ಇತ್ತು" ಎಂಬ ವಾದ ಕೇಳಿಬರುವುದು ಅಪರೂಪವಲ್ಲ. ಇಮೇಲ್ ಆ ಬಾಗಿಲು ಮುಚ್ಚುತ್ತದೆ.

## ಹಂತ 5: ರಾಜೀನಾಮೆ ಕೊಡಬೇಕೇ, ಯಾವಾಗ?

ಮೊದಲು ವರ್ಷ ಎಣಿಸಿ. ಕಾಯಂ ನೌಕರನಿಗೆ ಗ್ರಾಚ್ಯುಟಿ ಬರಲು ಸಾಮಾನ್ಯವಾಗಿ 5 ವರ್ಷದ ಸತತ ಸೇವೆ ಬೇಕು. ಐದಕ್ಕೆ ಕೆಲವೇ ತಿಂಗಳು ಬಾಕಿ ಇದ್ದರೆ ಸಿಟ್ಟು ನುಂಗಿಕೊಂಡು ವಿಚಾರಣೆ ಎದುರಿಸುವುದೇ ಲೇಸು. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸುವ ಮನಸ್ಸಿದ್ದರೂ ರಾಜೀನಾಮೆ ಬೇಡ. ತಾನಾಗಿ ಬಿಟ್ಟವನು "ತೆಗೆದರು" ಎಂದು ಲೇಬರ್ ಆಫೀಸಿಗೆ ಹೋದರೆ ಮೊದಲ ಪ್ರಶ್ನೆಗೇ ಮಾತು ಕಟ್ಟುತ್ತದೆ.

ನಮ್ಮ ಸ್ಟೋರ್ ಕೀಪರ್‌ಗೆ ಈ ತೊಂದರೆ ಇಲ್ಲ. ಲೆಕ್ಕಕ್ಕೆ ಬರುವ ತಿಂಗಳ ಸಂಬಳ 18,200 ರೂಪಾಯಿ ಎನ್ನೋಣ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 10,500. ಏಳು ವರ್ಷಕ್ಕೆ ಗ್ರಾಚ್ಯುಟಿ 73,500. ಮೇಲಿನ 4 ತಿಂಗಳು ಲೆಕ್ಕಕ್ಕಿಲ್ಲ, ಆರು ತಿಂಗಳು ದಾಟಿದ್ದರೆ ಒಂದು ವರ್ಷ ಸೇರುತ್ತಿತ್ತು.

ಈ 73,500ಕ್ಕೂ ನೋಟಿಸಿಗೂ ನಂಟು ಇದೆ. ಕಂಪನಿಗೆ ನಷ್ಟ ಮಾಡಿದ್ದಕ್ಕಾಗಿ ಕೆಲಸದಿಂದ ತೆಗೆದಾಗ, ಆ ನಷ್ಟದಷ್ಟು ಗ್ರಾಚ್ಯುಟಿ ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಬರೀ ನೋಟಿಸ್ ಕೊಟ್ಟು ಹಿಡಿಯುವಂತಿಲ್ಲ. ಅಂದರೆ ಇವನು ರಾಜೀನಾಮೆಯಿಂದ ಹೋದನೋ, ತೆಗೆದಿದ್ದರಿಂದ ಹೋದನೋ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿರಬೇಕು.

ಯಾವಾಗ? ಉತ್ತರ ತಲುಪಿದ ಗುರುತು ಕೈಗೆ ಬಂದ ಮೇಲೆ. ಅದಕ್ಕೆ ಮೊದಲು ಖಂಡಿತ ಬೇಡ. ನಮ್ಮ ಉದಾಹರಣೆಯಲ್ಲಿ ಉತ್ತರ ಜನವರಿ 13ಕ್ಕೆ, ನಡುವೆ ಸಂಕ್ರಾಂತಿ, ರಾಜೀನಾಮೆ 19ಕ್ಕೆ. ನೇಮಕಾತಿ ಪತ್ರದಲ್ಲಿ 30 ದಿನದ ಮುನ್ಸೂಚನೆ ಎಂದಿದ್ದರೆ ಕೊನೆಯ ದಿನ ಫೆಬ್ರವರಿ 18.

ಅಪಾಯದ ಗುರುತು. "ಸುಮ್ನ ಇಲ್ಲೊಂದು ಸಹಿ ಹಾಕ್ರಿ, ನೋಟಿಸ್ ಹರದ್ ಹಾಕ್ತೀವಿ, ಎಲ್ಲಾ ಇಲ್ಲೇ ಮುಗೀತದ" ಎಂದು ಟೈಪ್ ಮಾಡಿದ ಹಾಳೆ ಮುಂದಿಟ್ಟರೆ ಪೆನ್ನು ಕೆಳಗಿಡಿ. ಅದರಲ್ಲಿ ತಾರೀಖು ಇರುವುದಿಲ್ಲ, ಅಥವಾ ನಿಮ್ಮ ಉತ್ತರಕ್ಕಿಂತ ಹಿಂದಿನ ತಾರೀಖು ಇರುತ್ತದೆ. ಒತ್ತಾಯಕ್ಕೆ ಸಹಿ ಹಾಕಿಯೇ ಬಿಟ್ಟಿದ್ದರೆ ಅಂದೇ ರಾತ್ರಿ ಇಮೇಲ್ ಮಾಡಿ: ಎಷ್ಟು ಹೊತ್ತಿಗೆ, ಯಾರ ಎದುರು, ಏನು ಹೇಳಿ ಸಹಿ ಪಡೆದರು, ಅದನ್ನು ಹಿಂಪಡೆಯುತ್ತಿದ್ದೇನೆ. ಹದಿನೈದು ದಿನ ಬಿಟ್ಟು ಹೇಳಿದರೆ ನಂಬುವವರು ಕಡಿಮೆ.

## ಹಂತ 6: ರಾಜೀನಾಮೆ ಪತ್ರ

ಬೇರೆ ಹಾಳೆ, ಬೇರೆ ಲಕೋಟೆ, ಬೇರೆ ಇಮೇಲ್. ಅರ್ಧ ಪುಟಕ್ಕಿಂತ ಹೆಚ್ಚು ಬೇಡ.

"ಸ್ಟೋರ್ ಕೀಪರ್ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದಂತೆ 30 ದಿನದ ಮುನ್ಸೂಚನೆ ಪೂರೈಸಿ, ಫೆಬ್ರವರಿ 18ರಂದು ನನ್ನ ಕೊನೆಯ ಕೆಲಸದ ದಿನ. ಜನವರಿ 5ರ ನೋಟಿಸಿಗೆ ಜನವರಿ 13ರಂದು ಕೊಟ್ಟ ಉತ್ತರಕ್ಕೆ ನಾನು ಬದ್ಧನಾಗಿದ್ದೇನೆ. ಈ ರಾಜೀನಾಮೆಯನ್ನು ಆರೋಪ ಒಪ್ಪಿಕೊಂಡಂತೆ ತಿಳಿಯಬಾರದು. ಆ ನೋಟಿಸಿನ ಬಗ್ಗೆ ವಿಚಾರಣೆ ನಡೆಸಿದರೆ ಹಾಜರಾಗುತ್ತೇನೆ. ಸ್ಟೋರಿನ ಲೆಕ್ಕ ಮತ್ತು ಕೀಲಿ ಯಾರಿಗೆ ಒಪ್ಪಿಸಬೇಕೆಂದು ಲಿಖಿತವಾಗಿ ತಿಳಿಸಿ."

ಕಾರಣ ಬರೆಯಲೇಬೇಕೆಂದಿಲ್ಲ. "ವೈಯಕ್ತಿಕ ಕಾರಣ" ಎಂದು ಬರೆದು ಆಮೇಲೆ ಕಿರುಕುಳದಿಂದ ಬಿಟ್ಟೆ ಎಂದರೆ ನಿಮ್ಮ ಪತ್ರವೇ ನಿಮಗೆ ಅಡ್ಡ ನಿಲ್ಲುತ್ತದೆ. ಕಿರುಕುಳ ನಿಜವಾದ ಕಾರಣವಾಗಿದ್ದರೆ ಒಂದೇ ವಾಕ್ಯದಲ್ಲಿ, ತಾರೀಖು ಹಾಕಿ ಹೇಳಿ. ಇಲ್ಲವಾದರೆ ಸುಮ್ಮನಿರಿ.

ಕಂಪನಿ ಒಪ್ಪದೇ ಇರಬಹುದೇ? ಇರಬಹುದು. ಶಿಸ್ತು ಕ್ರಮ ಬಾಕಿ ಇರುವಾಗ ಅದನ್ನು ತಪ್ಪಿಸಿಕೊಳ್ಳಲು ಕೊಟ್ಟ ರಾಜೀನಾಮೆಯನ್ನು ಮಾಲೀಕರು ತಡೆಹಿಡಿಯಬಹುದು ಎಂಬುದನ್ನು ಸುಪ್ರೀಂ ಕೋರ್ಟ್ ಒಪ್ಪಿದೆ. "ವಿಚಾರಣೆಗೆ ಹಾಜರಾಗುತ್ತೇನೆ" ಎಂಬ ಸಾಲು ಇರುವುದು ಇದಕ್ಕೇ. ತಪ್ಪಿಸಿಕೊಂಡು ಹೋಗುತ್ತಿದ್ದಾನೆ ಎನ್ನಲು ಆಗ ಜಾಗ ಉಳಿಯುವುದಿಲ್ಲ.

## ಹಂತ 7: ಆ 30 ದಿನ

ಉತ್ತರ ಚೆನ್ನಾಗಿ ಕೊಟ್ಟವರೂ ಜಾರುವುದು ಈ ದಿನಗಳಲ್ಲಿ. ಗೇಟಿನಲ್ಲಿ ಸೆಕ್ಯೂರಿಟಿ "ನಾಳಿಂದ ಬರಬ್ಯಾಡ್ರಿ ಅಂದಾರ್ರಿ" ಎನ್ನುತ್ತಾನೆ. ನೀವು ಮನೆಯಲ್ಲಿ ಕೂರುತ್ತೀರಿ. ಹತ್ತು ದಿನಕ್ಕೆ "ಹೇಳದೆ ಕೇಳದೆ ಕೆಲಸ ಬಿಟ್ಟಿದ್ದೀರಿ" ಎಂಬ ಪತ್ರ ಬರುತ್ತದೆ.

ಹಾಗೆ ಹೇಳಿದ ಸಂಜೆಯೇ ಬರೆಯಿರಿ: "ಇಂದು ಬೆಳಿಗ್ಗೆ 8ಕ್ಕೆ ಕೆಲಸಕ್ಕೆ ಬಂದಾಗ ಗೇಟಿನಲ್ಲಿ ತಡೆದರು. ನಾನು ಫೆಬ್ರವರಿ 18ರವರೆಗೆ ಕೆಲಸ ಮಾಡಲು ಸಿದ್ಧನಿದ್ದೇನೆ. ಬರಬಾರದೆಂದಿದ್ದರೆ ಲಿಖಿತವಾಗಿ ತಿಳಿಸಿ." ಮರುದಿನವೂ ಹೋಗಿ, ಗೇಟಿನ ಮುಂದೆ ಒಂದು ಫೋಟೋ ತೆಗೆದುಕೊಳ್ಳಿ.

ಕೀಲಿ, ಲೆಕ್ಕ, ಕಂಪ್ಯೂಟರ್ ಪಾಸ್‌ವರ್ಡ್, ಗುರುತಿನ ಚೀಟಿ ಎಲ್ಲಕ್ಕೂ ಒಪ್ಪಿಸಿದ ಪಟ್ಟಿ ಮಾಡಿ, ಪಡೆದವರ ಸಹಿ ಹಾಕಿಸಿ. ಸ್ಟೋರಿನವರು ಅಂದಿನ ಸ್ಟಾಕ್ ಇಬ್ಬರೂ ಕೂಡಿ ಎಣಿಸಿ ಬರೆಯಬೇಕು. ಎಣಿಸದೆ ಕೀಲಿ ಕೊಟ್ಟರೆ ಮಾರ್ಚಿನಲ್ಲಿ ಕಳೆದ ಚೀಲವೂ ನಿಮ್ಮ ಲೆಕ್ಕಕ್ಕೆ ಬಂದೀತು.

## ಹಂತ 8: ಲೆಕ್ಕ ಚುಕ್ತಾ ಮತ್ತು ಬಿಡುಗಡೆ ಪತ್ರ

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟು ಹೋದವರ ಬಾಕಿ ಸಂಬಳವನ್ನು 2 ಕೆಲಸದ ದಿನದೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ಅದಕ್ಕೆ ಬೇರೆ ಅರ್ಜಿ ಕೊಡಿ, ರಾಜೀನಾಮೆಯಲ್ಲೇ ಕೇಳಿದ್ದೇನೆ ಎಂದು ಬಿಡಬೇಡಿ.

ಚುಕ್ತಾ ಕಾಗದದಲ್ಲಿ "ಇನ್ನು ಯಾವ ಹಕ್ಕೂ ಬಾಕಿ ಇಲ್ಲ" ಎಂಬ ಸಾಲು ಅಚ್ಚಾಗಿಯೇ ಇರುತ್ತದೆ. ಸಹಿಯ ಮೇಲೆ "ಸಂಬಳ ಮತ್ತು ರಜೆ ಹಣ ಇಷ್ಟು ಮಾತ್ರ ಪಡೆದಿದ್ದೇನೆ, ಗ್ರಾಚ್ಯುಟಿ ಬಾಕಿ ಇದೆ" ಎಂದು ಕೈಯಲ್ಲಿ ಬರೆಯಿರಿ. ಹಾಗೆ ಬರೆಯಲು ಬಿಡದಿದ್ದರೆ, ಹಣ ಬಂದ ದಿನವೇ ಅದೇ ಮಾತನ್ನು ಇಮೇಲ್ ಮಾಡಿ.

ಬಿಡುಗಡೆ ಪತ್ರದಲ್ಲಿ ನೋಡಬೇಕಾದ್ದು ಎರಡು. ಕೊನೆಯ ದಿನ ಫೆಬ್ರವರಿ 18 ಎಂದೇ ಇದೆಯೇ? "ಆರೋಪಗಳ ಹಿನ್ನೆಲೆಯಲ್ಲಿ ರಾಜೀನಾಮೆ ಅಂಗೀಕರಿಸಲಾಗಿದೆ" ಎಂಬಂಥ ಸಾಲು ತೂರಿಕೊಂಡಿದೆಯೇ? ಇದ್ದರೆ ಜಗಳ ಬೇಡ. "ನನ್ನ ರಾಜೀನಾಮೆಯಲ್ಲಿ ಹೀಗಿಲ್ಲ, ನೋಟಿಸಿನ ಮೇಲೆ ಯಾವ ನಿರ್ಧಾರವೂ ನನಗೆ ತಲುಪಿಲ್ಲ, ತಿದ್ದಿ ಕೊಡಿ" ಎಂದು ಬರೆಯಿರಿ. ಅವರು ತಿದ್ದದಿದ್ದರೂ ನಿಮ್ಮ ಆಕ್ಷೇಪ ಆ ಪತ್ರದ ಬೆನ್ನಿಗೇ ಇರುತ್ತದೆ.

ಹೊಸ ಕಡೆ ಕೇಳಿದರೆ ಮುಚ್ಚಿಡಬೇಡಿ. ನೋಟಿಸ್ ಬಂದಿತ್ತು, ಈ ತಾರೀಖಿಗೆ ಉತ್ತರ ಕೊಟ್ಟೆ, ನಿರ್ಧಾರ ಬಂದಿಲ್ಲ, ರಾಜೀನಾಮೆ ಕೊಟ್ಟು ಹೊರಬಂದೆ. ನಾಲ್ಕಕ್ಕೂ ಕಾಗದ ಇದೆ.

ಉಳಿದದ್ದು ಪಿಎಫ್. ಕಂಪನಿ ನಿಮ್ಮ ಕೆಲಸ ಬಿಟ್ಟ ತಾರೀಖನ್ನು ಹಾಕದೆ ಸತಾಯಿಸಿದರೆ, ಕೊನೆಯ ಕಂತು ಜಮಾ ಆಗಿ ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲಿನಲ್ಲಿ ನೀವೇ ಹಾಕಿಕೊಳ್ಳಬಹುದು. ಅಲ್ಲಿಯೂ ಬಿಡುಗಡೆ ಪತ್ರದ ತಾರೀಖನ್ನೇ ಹಾಕಿ. ಒಂದು ಕಡೆ 18, ಇನ್ನೊಂದು ಕಡೆ 10 ಎಂದಾದರೆ ಆ ಎಂಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಮತ್ತೊಂದು ಪತ್ರ ಬರೆಯಬೇಕಾಗುತ್ತದೆ.